ರಜೆ ಅವರದು, ಕೆಲಸ ಯಾರದು?

ಸಹೋದ್ಯೋಗಿಯೊಬ್ಬರು ಹೆರಿಗೆ ರಜೆಗೆ ಹೊರಟಾಗ ನಮ್ಮ ಬಹಳಷ್ಟು ಕಚೇರಿಗಳಲ್ಲಿ ಆಗುವ ಏರ್ಪಾಡು ಒಂದೇ ಮಾತಿನದು: “ಆರು ತಿಂಗಳು ತಾನೆ, ಎಲ್ಲರೂ ಸ್ವಲ್ಪ ಸ್ವಲ್ಪ ನೋಡ್ಕೊಂಡುಬಿಡಿ.” ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ‘ಎಲ್ಲರೂ’ ಎಂದರೆ ಯಾರು, ‘ಸ್ವಲ್ಪ’ ಎಂದರೆ ಎಷ್ಟು ಎಂದು ಯಾರೂ ಕೇಳದೆ ಹೋದರೆ ಎರಡೇ ತಿಂಗಳಲ್ಲಿ ಆ ಕೆಲಸದ ಬಹುಪಾಲು ಒಬ್ಬರ ಮೇಜಿಗೆ ಬಂದು ಕುಳಿತಿರುತ್ತದೆ. ಸಾಮಾನ್ಯವಾಗಿ ಅವರು ಕೆಲಸ ಚೆನ್ನಾಗಿ ಬಲ್ಲವರು, ಇಲ್ಲ ಎನ್ನಲು ಬಾರದವರು. ಅಥವಾ “ಅವನಿಗೇನು, ಇನ್ನೂ ಮದುವೆಯಾಗಿಲ್ಲ, ಮನೆಗೆ ಹೋಗಿ ಏನು ಮಾಡಬೇಕು” ಎಂದು ಉಳಿದವರು ತೀರ್ಮಾನಿಸಿಬಿಟ್ಟ ಹುಡುಗ. ಆಗ ಹುಟ್ಟುವ ಸಿಟ್ಟು ಹಂಚಿದವರ ಮೇಲೆ ತಿರುಗುವುದಿಲ್ಲ, ಬಾಣಂತನದಲ್ಲಿರುವ ಹೆಣ್ಣುಮಗಳ ಮೇಲೆ ತಿರುಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದು. ಕಾನೂನು ಕೊಟ್ಟ ರಜೆಯನ್ನು ತೆಗೆದುಕೊಂಡವಳು ಮರಳಿ ಬರುವ ಹೊತ್ತಿಗೆ ತಪ್ಪಿತಸ್ಥಳಂತೆ ನಿಲ್ಲಬೇಕಾಗುತ್ತದೆ.

ಇದನ್ನು ತಪ್ಪಿಸಲು ದೊಡ್ಡ ಕಂಪನಿಯ ಎಚ್‌ಆರ್ ವಿಭಾಗ ಬೇಕಿಲ್ಲ. ಒಂದು ಹಾಳೆ, ಒಂದು ಕ್ಯಾಲೆಂಡರು, ಕೂತು ಲೆಕ್ಕ ಹಾಕುವ ತಾಳ್ಮೆ ಇದ್ದರೆ ಸಾಕು. ಹೇಗೆಂದು ನೋಡಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಹೆಸರುಗಳೂ ಅಂಕಿಗಳೂ ನಾನು ಇಟ್ಟವು, ಆದರೆ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಅವು ಗುರುತು ಸಿಗುತ್ತವೆ.

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಪಾಲುದಾರಿಕೆ ಸಂಸ್ಥೆ. ಅಲ್ಲಿನ ಅಕೌಂಟ್ಸ್ ವಿಭಾಗದ ಮುಖ್ಯಸ್ಥೆ ಗೀತಾ. ಅವರ ಕೈಕೆಳಗೆ ಐದು ಜನ: ಹಿರಿಯರಾದ ಜಯಣ್ಣ, ನುರಿತ ಶಾಹಿದಾ, ಮಂಜುನಾಥ್, ಕೆಲಸಕ್ಕೆ ಸೇರಿ ಎರಡು ವರ್ಷವಾದ ಕಿರಣ್, ಮತ್ತು ಸುಮಾ. ಸುಮಾಗೆ ಅಕ್ಟೋಬರ್ 15ರ ಸುಮಾರಿಗೆ ಹೆರಿಗೆ ಎಂದು ಡಾಕ್ಟರು ದಿನ ಕೊಟ್ಟಿದ್ದಾರೆ. ಸೆಪ್ಟೆಂಬರ್ 1ರಿಂದ ರಜೆ ಬೇಕೆಂದು ಆಕೆ ಮೇ ತಿಂಗಳಲ್ಲೇ ತಿಳಿಸಿದ್ದಾಳೆ.

ಮೊದಲು ಕಾನೂನಿನ ಲೆಕ್ಕ ನೋಡಿಬಿಡೋಣ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಉಂಟು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಹಾಗೆಯೇ ಉಳಿಸಿಕೊಂಡಿದೆ. ಈ 26ರಲ್ಲಿ ಹೆಚ್ಚೆಂದರೆ 8 ವಾರಗಳನ್ನು ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದು. ಹಾಗಾಗಿ ಸುಮಾ ಕೇಳಿರುವುದು ಸೆಪ್ಟೆಂಬರ್ 1 ಆದರೂ ಆಕೆ ಬಯಸಿದರೆ ಆಗಸ್ಟ್ 20ರಿಂದಲೇ ಮನೆಯಲ್ಲಿರುವ ಹಕ್ಕು ಇದೆ. ರಕ್ತದೊತ್ತಡ ಏರಿತೆಂದು ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡಿ ಎಂದರೆ ಇನ್ನೂ ಮೊದಲೇ ಹೋಗಬೇಕಾದೀತು. ಆದ್ದರಿಂದ ಗೀತಾ ತಮ್ಮ ಕ್ಯಾಲೆಂಡರಿನಲ್ಲಿ ಬರೆದುಕೊಂಡ ಗಡುವು ಆಗಸ್ಟ್ 10. ಅಂದಿನಿಂದ ಸುಮಾ ಬಾರದಿದ್ದರೂ ಕೆಲಸ ನಡೆಯಬೇಕು. ಇನ್ನೊಂದು ತುದಿಯಲ್ಲಿ, ಸೆಪ್ಟೆಂಬರ್ 1ರಿಂದ 26 ವಾರ ಎಣಿಸಿದರೆ ರಜೆ ಮಾರ್ಚ್ 1ಕ್ಕೆ ಮುಗಿಯುತ್ತದೆ. ಈ ಮಾರ್ಚ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜೂನ್‌ನಲ್ಲಿ ಗೀತಾ ಮಾಡಿದ ಮೊದಲ ಕೆಲಸ, ಸುಮಾಳನ್ನು ಎದುರಿಗೆ ಕೂರಿಸಿಕೊಂಡು ಆಕೆ ಮಾಡುವುದನ್ನೆಲ್ಲ ಬರೆಸಿದ್ದು. ಹುದ್ದೆಯ ವಿವರದಲ್ಲಿರುವುದನ್ನಲ್ಲ, ನಿಜವಾಗಿ ಮಾಡುವುದನ್ನು. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ, ಒಟ್ಟು 200 ಗಂಟೆ. ಅದರಲ್ಲಿ ಖರೀದಿ ಬಿಲ್‌ಗಳನ್ನು ಸ್ಟೋರ್ಸ್‌ನ ಸ್ವೀಕೃತಿ ಚೀಟಿಯ ಜೊತೆ ತಾಳೆ ನೋಡಿ ಟ್ಯಾಲಿಗೆ ಹಾಕುವುದೇ 60 ಗಂಟೆ ತಿನ್ನುತ್ತದೆ. ಸರಬರಾಜುದಾರರಿಗೆ ವಾರವಾರ ಹಣ ಕಳಿಸುವುದಕ್ಕೆ 24, ಅವರ ಫೋನುಗಳಿಗೆ 20. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ರತಿ ತಿಂಗಳ 14ಕ್ಕೆ 2ಬಿ ಎಂಬ ಪಟ್ಟಿ ಬರುತ್ತದೆ. ನಮಗೆ ಮಾಲು ಕೊಟ್ಟವರು ತಮ್ಮ ಕಡೆಯಿಂದ ತೋರಿಸಿದ ಬಿಲ್‌ಗಳ ಪಟ್ಟಿ ಅದು. ಅದನ್ನು ನಮ್ಮ ಖರೀದಿ ಪುಸ್ತಕದೊಂದಿಗೆ ಹೊಂದಿಸಿ ನೋಡುವುದಕ್ಕೆ 20. ಮಾಲೀಕರಿಗೆ ಕೊಡುವ ತಿಂಗಳ ವರದಿಗಳಿಗೆ 18, ಬ್ಯಾಂಕ್ ತಾಳೆಗೆ 16, ಮಾರಾಟದ ಜಿಎಸ್‌ಟಿಆರ್-1 ತಯಾರಿಗೆ 14, ಟಿಡಿಎಸ್ ಕಟ್ಟಲು 8, ಪಿಎಫ್ ಮತ್ತು ಇಎಸ್‌ಐ ಚಲನ್‌ಗಳಿಗೆ 8. ಉಳಿದ 12 ಗಂಟೆ ಹೆಸರಿಲ್ಲದ ಕೆಲಸಗಳು: ಯಾವ ಫೈಲು ಎಲ್ಲಿದೆ ಎಂದು ಹೇಳುವುದು, ಪ್ರಿಂಟರಿನವನನ್ನು ಕರೆಸುವುದು, ಹೊಸಬರ ಸಂಬಳದ ಅನುಮಾನ ಬಗೆಹರಿಸುವುದು.

ಈ ಕೊನೆಯ 12 ಗಂಟೆ ಯಾವ ಹಂಚಿಕೆಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಬರೆಯದಿದ್ದರೆ ಅದು ತಾನಾಗಿಯೇ ವಿಭಾಗದಲ್ಲಿ ಉಳಿದ ಇನ್ನೊಬ್ಬ ಹೆಣ್ಣುಮಗಳ ಪಾಲಿಗೆ ಹೋಗುತ್ತದೆ. ಇಲ್ಲಿ ಅದು ಶಾಹಿದಾ. ಬರೆದಿಟ್ಟರೆ ಮಾತ್ರ ಯಾರಿಗೆ ಕೊಡಬೇಕೆಂಬ ಪ್ರಶ್ನೆ ಏಳುತ್ತದೆ.

200 ಗಂಟೆಯನ್ನು ನಾಲ್ಕು ಜನಕ್ಕೆ ಭಾಗಿಸಿದರೆ ತಲೆಗೆ 50. ದಿನಕ್ಕೆ ಎರಡು ಗಂಟೆ ಹೆಚ್ಚು, ಅದೂ ಆರು ತಿಂಗಳು. ಕೇಳುವುದಕ್ಕೆ ಸಮಪಾಲಿನಂತಿದೆ, ಆದರೆ ನ್ಯಾಯವಲ್ಲ. ಲೆಕ್ಕಪತ್ರದ ಕೆಲಸ ದಿನದಿನವೂ ಒಂದೇ ಅಳತೆಯಲ್ಲಿ ಬರುವುದಿಲ್ಲ. ತಿಂಗಳ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಹೊರೆಯೆಲ್ಲ ಮೊದಲ ಇಪ್ಪತ್ತು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಸರಾಸರಿ ಎರಡು ಗಂಟೆ ಎಂದದ್ದು 19ನೇ ತಾರೀಕು ರಾತ್ರಿ ಹತ್ತು ಗಂಟೆಯಾಗುತ್ತದೆ, 27ಕ್ಕೆ ಏನೂ ಇರುವುದಿಲ್ಲ. ಅದಲ್ಲದೆ 2ಬಿ ತಾಳೆಯಂಥದ್ದನ್ನು ನಾಲ್ಕು ತುಂಡು ಮಾಡಿ ಹಂಚಲು ಬರುವುದಿಲ್ಲ. ಯಾವ ಸರಬರಾಜುದಾರ ಯಾವಾಗಲೂ ತಡ ಮಾಡುತ್ತಾನೆ, ಯಾರು ಬಿಲ್ ನಂಬರ್ ತಪ್ಪಾಗಿ ಹಾಕುತ್ತಾನೆ ಎಂಬ ನೆನಪು ಒಬ್ಬರ ತಲೆಯಲ್ಲಿದ್ದರೆ ಮಾತ್ರ ಅದು ಬೇಗ ಮುಗಿಯುತ್ತದೆ.

ಆದ್ದರಿಂದ ಹಂಚುವ ಮೊದಲು ಇಳಿಸಬೇಕು. ಗೀತಾ ಆ ಪಟ್ಟಿ ಹಿಡಿದುಕೊಂಡು ಮಾಲೀಕರ ಹತ್ತಿರ ಹೋದರು. ತಿಂಗಳಿಗೆ ನಾಲ್ಕು ವರದಿ ಹೋಗುತ್ತಿತ್ತು. ಅವರು ಓದುತ್ತಿದ್ದದ್ದು ಎರಡನ್ನು: ಕೈಯಲ್ಲಿರುವ ಹಣ ಎಷ್ಟು, ಬರಬೇಕಾದ ಬಾಕಿ ಎಷ್ಟು. ಉಳಿದೆರಡನ್ನು ಮಾರ್ಚ್‌ವರೆಗೆ ನಿಲ್ಲಿಸಲು ಒಪ್ಪಿದರು. 10 ಗಂಟೆ ಉಳಿಯಿತು. ವಾರವಾರದ ಪಾವತಿಯನ್ನು ಹದಿನೈದು ದಿನಕ್ಕೊಮ್ಮೆ ಮಾಡಿದ್ದರಿಂದ 8 ಗಂಟೆ. ಇಲ್ಲೊಂದು ಎಚ್ಚರಿಕೆ ಬೇಕು. ಸಣ್ಣ ಉದ್ದಿಮೆಗಳಿಂದ ಮಾಲು ತಂದಿದ್ದರೆ ಲಿಖಿತ ಒಪ್ಪಂದವಿಲ್ಲದಾಗ 15 ದಿನದೊಳಗೆ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು ಕಾನೂನಿದೆ. ಆ ಸರಬರಾಜುದಾರರ ಹೆಸರುಗಳನ್ನು ಬೇರೆ ಮಾಡಿ ಅವರ ಪಾವತಿ ತಪ್ಪದಂತೆ ನೋಡಿಕೊಂಡೇ ಈ ಬದಲಾವಣೆ ಮಾಡಬೇಕಾಯಿತು. ಬಾಕಿ ಕೇಳುವ ಫೋನುಗಳಿಗೆ ಮಧ್ಯಾಹ್ನ ಮೂರರಿಂದ ನಾಲ್ಕು ಎಂದು ಹೊತ್ತು ಗೊತ್ತುಮಾಡಿ ಎಲ್ಲ ಸರಬರಾಜುದಾರರಿಗೂ ತಿಳಿಸಿದ್ದರಿಂದ 6 ಗಂಟೆ. ಒಟ್ಟು 24 ಗಂಟೆ ಕಡಿಮೆಯಾಗಿ 176 ಉಳಿಯಿತು.

ಇಳಿಸುವ ಈ ಕೆಲಸ ಮೇಲಿನವರೇ ಮಾಡಬೇಕಾದದ್ದು. ಯಾವ ವರದಿ ನಿಲ್ಲಿಸಬಹುದು ಎಂದು ಹೇಳುವ ಅಧಿಕಾರ ಕಿರಣ್‌ಗಿಲ್ಲ. ಗೀತಾ ಇಳಿಸದೆ ಹೋದರೆ ಕೆಳಗಿನವರು ತಮ್ಮಷ್ಟಕ್ಕೆ ತಾವೇ ಇಳಿಸುತ್ತಾರೆ, ಯಾರಿಗೂ ಹೇಳದೆ. ಅವರು ಕೈಬಿಡುವುದು ಸಾಮಾನ್ಯವಾಗಿ ಬ್ಯಾಂಕ್ ತಾಳೆಯನ್ನು, ಏಕೆಂದರೆ ಮೂರು ತಿಂಗಳು ಮಾಡದಿದ್ದರೂ ಯಾರೂ ಕೇಳುವುದಿಲ್ಲ. ನಾಲ್ಕನೆಯ ತಿಂಗಳು ಒಂದು ಚೆಕ್ ಎರಡು ಸಲ ಜಮೆಯಾಗಿ ದಾಖಲಾದದ್ದು ಬೆಳಕಿಗೆ ಬರುತ್ತದೆ.

ಮುಂದಿನ ಪ್ರಶ್ನೆ, ಆರು ತಿಂಗಳಿಗೆ ಒಬ್ಬರನ್ನು ತೆಗೆದುಕೊಳ್ಳಬೇಕೇ ಎಂಬುದು. ಮಾಲೀಕರ ಹಿಂಜರಿಕೆಗೆ ಕಾರಣವಿದೆ. ಸುಮಾಳ ಸಂಬಳ 32 ಸಾವಿರ. ತಿಂಗಳಿಗೆ 21 ಸಾವಿರದವರೆಗೆ ಸಂಬಳವಿದ್ದು ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ಹೆರಿಗೆ ರಜೆಯ ಹಣವನ್ನು ಇಎಸ್‌ಐ ನಿಗಮ ಕೊಡುತ್ತದೆ. ಅದಕ್ಕಿಂತ ಹೆಚ್ಚು ಸಂಬಳದವರಿಗೆ ಕೊಡಬೇಕಾದದ್ದು ಸಂಸ್ಥೆಯೇ. ಹಾಗಾಗಿ ಇಲ್ಲಿ ಬದಲಿಗೆ ಬರುವವರ ಸಂಬಳ ನಿಜವಾಗಿಯೂ ಮೇಲುಖರ್ಚು. ಸಣ್ಣ ಸಂಸ್ಥೆಗಳ ಈ ಕಷ್ಟವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಇಎಸ್‌ಐ ಹಣ ಕೊಡುವ ಕಡೆ, ಅಥವಾ ಕಾಯಿಲೆಯ ರಜೆ ಮುಗಿದು ಸಂಬಳವಿಲ್ಲದ ರಜೆ ಶುರುವಾದ ಕಡೆ, ಆ ಸಂಬಳ ಸಂಸ್ಥೆಯ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ. ಅಂಥಲ್ಲಿಯೂ ಬದಲಿ ಆಳನ್ನೂ ಕೊಡದೆ, ಉಳಿದವರಿಗೆ ಭತ್ಯೆಯನ್ನೂ ಕೊಡದೆ ಕೆಲಸ ಮಾತ್ರ ಹೇರುವುದೆಂದರೆ ಉಳಿತಾಯವನ್ನು ಅವರ ಸಂಜೆಗಳಿಂದ ಮಾಡಿಕೊಂಡಂತೆ.

ಗೀತಾ ಕೇಳಿದ್ದು ಬಿ.ಕಾಂ. ಮುಗಿಸಿದ, ಟ್ಯಾಲಿ ಗೊತ್ತಿರುವ ಒಬ್ಬ ಹೊಸಬಳನ್ನು, 18 ಸಾವಿರ ಸಂಬಳಕ್ಕೆ, ಜುಲೈ ಮಧ್ಯದಿಂದ. ಆಕೆಯನ್ನು ಸುಮಾಳ ಜಾಗಕ್ಕೆ ಕೂರಿಸಲಿಲ್ಲ. ಇಡೀ ಏರ್ಪಾಡಿನಲ್ಲಿ ಮುಖ್ಯವಾದದ್ದು ಇದೇ ಎಂದು ನನ್ನ ಎಣಿಕೆ. ಹೊಸಬಳಿಗೆ 2ಬಿ ತಾಳೆಯನ್ನೂ ಟಿಡಿಎಸ್ಸನ್ನೂ ಕೊಟ್ಟರೆ ತಪ್ಪಾಗುತ್ತದೆ. ಆ ತಪ್ಪು ತಿದ್ದಲು ಶಾಹಿದಾ ಕೂರಬೇಕಾಗುತ್ತದೆ, ಹೊರೆ ಇಳಿಯುವ ಬದಲು ಏರುತ್ತದೆ. ಅದರ ಬದಲು ವಿಭಾಗದಲ್ಲಿರುವ ಸುಲಭದ ಕೆಲಸಗಳನ್ನೆಲ್ಲ, ಅವು ಯಾರದೇ ಆಗಿರಲಿ, ಒಟ್ಟುಮಾಡಿ ಹೊಸಬಳಿಗೆ ಕೊಟ್ಟರು. ಸುಮಾಳ 60 ಗಂಟೆಯ ಬಿಲ್ ಎಂಟ್ರಿ, ಕಿರಣ್ ಮಾಡುತ್ತಿದ್ದ ಇನ್‌ವಾಯ್ಸ್ ಪ್ರಿಂಟ್ ಮತ್ತು ಫೈಲಿಂಗ್ 35, ಮಂಜುನಾಥ್ ಮಾಡುತ್ತಿದ್ದ ಚಿಲ್ಲರೆ ಖರ್ಚಿನ ವೋಚರ್‌ಗಳು 25, ಶಾಹಿದಾ ಮಾಡುತ್ತಿದ್ದ ಬ್ಯಾಂಕ್ ಎಂಟ್ರಿ 20. ನುರಿತವರ ಕೈಯಲ್ಲಿ ಇದು 140 ಗಂಟೆಯ ಕೆಲಸ. ಹೊಸಬಳಿಗೆ ಮೊದಲ ತಿಂಗಳುಗಳಲ್ಲಿ ಅದಕ್ಕೇ 200 ಗಂಟೆ ಬೇಕು ಎಂದು ಗೀತಾ ಮೊದಲೇ ಲೆಕ್ಕ ಹಾಕಿದ್ದರು. ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಸುಮಾ ಪಕ್ಕದಲ್ಲಿದ್ದು ಬಿಲ್ ಎಂಟ್ರಿ ಕಲಿಸಿದಳು. ಆಕೆ ಹೋದಮೇಲೆ ಕಲಿಸುವುದಾಗಿದ್ದರೆ ಆ ಹೊತ್ತೂ ಉಳಿದವರ ಲೆಕ್ಕಕ್ಕೇ ಬೀಳುತ್ತಿತ್ತು.

ಈಗ ಗಣಿತ ಬೇರೆಯಾಯಿತು. ಸುಮಾಳ ಕೆಲಸದಲ್ಲಿ ಉಳಿದದ್ದು 116 ಗಂಟೆ. ಮೂವರ ಹೆಗಲಿಂದ ಇಳಿದದ್ದು 80. ನಿಜವಾಗಿ ಹೆಚ್ಚಿದ್ದು ತಿಂಗಳಿಗೆ 36 ಗಂಟೆ. ಶಾಹಿದಾಗೆ 2ಬಿ ತಾಳೆ ಮತ್ತು ಟಿಡಿಎಸ್, ಒಟ್ಟು 28. ಇಳಿದದ್ದು 20, ಹಾಗಾಗಿ 8 ಗಂಟೆ ಹೆಚ್ಚು. ಕಿರಣ್‌ಗೆ ಜಿಎಸ್‌ಟಿಆರ್-1, ಫೋನು, ಉಳಿದ ಎರಡು ವರದಿ, ಪಿಎಫ್ ಮತ್ತು ಇಎಸ್‌ಐ. ಅವನಿಗೆ ಹೆಚ್ಚಿದ್ದು 9. ಮಂಜುನಾಥ್‌ಗೆ ಬ್ಯಾಂಕ್ ತಾಳೆ, ಪಾವತಿ ತಯಾರಿ, ಹೆಸರಿಲ್ಲದ ಆ 12 ಗಂಟೆ, ಹೆಚ್ಚಿದ್ದು 11. ಜಯಣ್ಣನವರಿಗೆ ಪಾವತಿ ಪರಿಶೀಲಿಸಿ ಮಂಜೂರು ಮಾಡುವುದು, 8.

ಪಾವತಿಯನ್ನು ಇಬ್ಬರಿಗೆ ಒಡೆದದ್ದು ಹೊರೆ ಹಂಚಲು ಮಾತ್ರವಲ್ಲ. ಬ್ಯಾಂಕಿನ ಪೋರ್ಟಲ್‌ನಲ್ಲಿ ಪಾವತಿ ಹಾಕುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು ಇರಬೇಕು. ಜನ ಕಡಿಮೆಯಾದಾಗ “ಸದ್ಯಕ್ಕೆ ಎರಡೂ ನೀನೇ ಮಾಡು” ಎಂದು ಎರಡೂ ಪಾಸ್‌ವರ್ಡ್ ಒಬ್ಬರ ಕೈಗೆ ಕೊಡುವುದು ಬಹಳ ಕಡೆ ನಡೆಯುತ್ತದೆ. ಅದು ಕೆಲಸದ ಹೊರೆಗಿಂತ ದೊಡ್ಡ ಹೊರೆ. ನಾಳೆ ಹಣದಲ್ಲಿ ವ್ಯತ್ಯಾಸ ಬಂದರೆ ಪ್ರಾಮಾಣಿಕನಾದವನೂ ತಾನು ತೆಗೆದಿಲ್ಲ ಎಂದು ತೋರಿಸಲಾರ.

ಜೂನ್ ಕೊನೆಯಲ್ಲಿ ಗೀತಾ ಐವರನ್ನೂ ಕೂರಿಸಿಕೊಂಡು ಈ ಹಾಳೆಯನ್ನು ಮುಂದಿಟ್ಟರು. ಕಿರಣ್ ಒಂದು ಮಾತು ಕೇಳಿದ: “ಮೇಡಂ, ಶಾಹಿದಾ ಅಕ್ಕನಿಗೆ ಎಂಟು ಗಂಟೆ, ನನಗೆ ಒಂಬತ್ತು. ಆದ್ರೆ ಅವರ ಕೆಲಸದಲ್ಲಿ ತಪ್ಪಾದ್ರೆ ದಂಡ ಬೀಳುತ್ತೆ, ನನ್ನ ಫೋನಲ್ಲಿ ತಪ್ಪಾದ್ರೆ ಏನೂ ಆಗಲ್ಲ. ಎರಡೂ ಒಂದೇನಾ?” ಸರಿಯಾದ ಪ್ರಶ್ನೆ. 2ಬಿ ತಾಳೆಯಲ್ಲಿ ಎಡವಿದರೆ 3ಬಿಯಲ್ಲಿ ತೆರಿಗೆ ಜಮೆ ತಪ್ಪುತ್ತದೆ. ಕಡಿಮೆ ಕಟ್ಟಿದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ, ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ. ಗಂಟೆಯಲ್ಲಿ ಕಾಣದ ಈ ಭಾರಕ್ಕೆ ಗೀತಾ ಎರಡು ಏರ್ಪಾಡು ಮಾಡಿದರು. ಶಾಹಿದಾಗೆ ಆರು ತಿಂಗಳು, ತಿಂಗಳಿಗೆ 3 ಸಾವಿರ ರೂಪಾಯಿ ಭತ್ಯೆ. ಉಳಿದ ಮೂವರಿಗೆ ಒಂದೂವರೆ ಸಾವಿರ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಪತ್ರದಲ್ಲೇ ಬರೆಸಿದರು. ಎರಡನೆಯದಾಗಿ, ಪ್ರತಿ ತಿಂಗಳು 18ರ ಸಂಜೆ ತಾಳೆಪಟ್ಟಿಯನ್ನು ತಾವೇ ನೋಡಿ ಸಹಿ ಹಾಕುವುದೆಂದು ಒಪ್ಪಿಕೊಂಡರು. ಅಲ್ಲಿಂದ ಮುಂದೆ ತಪ್ಪಾದರೆ ಅದು ಶಾಹಿದಾಳೊಬ್ಬಳದೇ ಆಗುವುದಿಲ್ಲ.

ಭತ್ಯೆ ಕೊಡುವುದು ಹೊಸ ವಿಚಾರವೇನೂ ಅಲ್ಲ. ಸರ್ಕಾರಿ ಕಚೇರಿಗಳಲ್ಲಿ ಇನ್ನೊಬ್ಬರ ಹುದ್ದೆಯ ಹೆಚ್ಚುವರಿ ಪ್ರಭಾರ ವಹಿಸಿದವರಿಗೆ ಆದೇಶ ಹೊರಡಿಸಿ ಪ್ರಭಾರ ಭತ್ಯೆ ಕೊಡುವ ಪದ್ಧತಿ ಬಹಳ ಹಿಂದಿನದು. ಖಾಸಗಿ ಕಡೆಯವರು ಅದರಿಂದ ಕಲಿಯಬೇಕಾದದ್ದು ಹಣಕ್ಕಿಂತಲೂ ಆ ಆದೇಶವನ್ನು. ಬಾಯಿಮಾತಿನಲ್ಲಿ ಕೊಟ್ಟ ಕೆಲಸಕ್ಕೆ ಮುಕ್ತಾಯದ ದಿನ ಇರುವುದಿಲ್ಲ. ಸುಮಾ ಮರಳಿದ ಮೇಲೂ “ನೀನೇ ಚೆನ್ನಾಗಿ ಮಾಡ್ತಿದ್ದೀಯಲ್ಲ, ಮುಂದುವರಿಸು” ಎಂಬ ಮಾತು ಬರುತ್ತದೆ.

ಹಸ್ತಾಂತರದಲ್ಲಿ ಎಲ್ಲರೂ ಮರೆಯುವ ಒಂದು ಸಣ್ಣ ವಸ್ತುವಿದೆ: ಮೊಬೈಲ್ ನಂಬರು. ಪಾಲುದಾರಿಕೆ ಸಂಸ್ಥೆಗಳು ಜಿಎಸ್‌ಟಿ ರಿಟರ್ನನ್ನು ಒಟಿಪಿ ಹಾಕಿ ಸಲ್ಲಿಸಬಹುದು. ಆ ಒಟಿಪಿ ಅಧಿಕೃತ ಸಹಿದಾರರ ಹೆಸರಿನಲ್ಲಿ ನೋಂದಾಯಿಸಿದ ಫೋನಿಗೆ ಬರುತ್ತದೆ. ವರ್ಷಗಳ ಹಿಂದೆ ಮಾಲೀಕರು “ನನಗೆ ಯಾಕಮ್ಮ ಕಿರಿಕಿರಿ, ನಿನ್ನ ನಂಬರೇ ಹಾಕು” ಎಂದಿರುತ್ತಾರೆ. 20ನೇ ತಾರೀಕು ಸಂಜೆ ಏಳಕ್ಕೆ ಶಾಹಿದಾ ಗುಂಡಿ ಒತ್ತಿದರೆ ಸಂದೇಶ ಹೋಗುವುದು ತವರುಮನೆಯಲ್ಲಿ ಮಗುವಿಗೆ ಹಾಲು ಕೊಡುತ್ತ ಕೂತಿರುವ ಸುಮಾಳ ಫೋನಿಗೆ. ಫೋನು ಸೈಲೆಂಟಿನಲ್ಲಿ ಇನ್ನೊಂದು ಕೋಣೆಯಲ್ಲಿರುತ್ತದೆ. ಇಲ್ಲಿ ನಾಲ್ಕು ಜನ ಅದಕ್ಕಾಗಿ ಕಾಯುತ್ತಾರೆ, ಅಲ್ಲಿ ಆಕೆಯ ತಾಯಿಗೆ ಆಫೀಸಿನಿಂದ ಮೇಲಿಂದ ಮೇಲೆ ಕರೆ ಹೋಗುತ್ತದೆ. ಜಿಎಸ್‌ಟಿ, ಆದಾಯ ತೆರಿಗೆ, ಟಿಡಿಎಸ್, ಪಿಎಫ್, ಇಎಸ್‌ಐ, ಬ್ಯಾಂಕು, ವಿದ್ಯುತ್ ಬಿಲ್ಲು, ಹೀಗೆ ಎಲ್ಲ ಪೋರ್ಟಲ್‌ಗಳ ನಂಬರು ಮತ್ತು ಇ-ಮೇಲ್ ಯಾರದೆಂದು ಪಟ್ಟಿ ಮಾಡಿ ಜುಲೈನಲ್ಲೇ ಬದಲಿಸಬೇಕು. ಬದಲಿಸುವುದಕ್ಕೂ ಹಳೆಯ ಫೋನಿಗೆ ಬರುವ ಒಟಿಪಿ ಬೇಕಾಗಬಹುದಾದ್ದರಿಂದ ಆಕೆ ಕಚೇರಿಯಲ್ಲಿರುವಾಗಲೇ ಮುಗಿಸುವುದು ಸುಲಭ. ಬದಲಿಸಿದ ನಂಬರು ಸಂಸ್ಥೆಯದೇ ಆಗಿದ್ದರೆ ಮುಂದಿನವರ ರಜೆಯಲ್ಲಿ ಈ ಪಾಡು ಇರುವುದಿಲ್ಲ.

ರಜೆಯಲ್ಲಿರುವವರಿಗೆ ಫೋನು ಮಾಡಬಾರದು ಎಂಬುದು ಸೌಜನ್ಯ ಮಾತ್ರವಲ್ಲ. ಹೆರಿಗೆಯಾದ ನಂತರದ ಆರು ವಾರ ಆ ಮಹಿಳೆಯಿಂದ ಗೊತ್ತಿದ್ದೂ ಕೆಲಸ ಮಾಡಿಸುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಆಕೆ ತಾನೇ ಒಪ್ಪಿದರೂ ಆಗದು. ‘ಒಂದೇ ನಿಮಿಷದ ಅನುಮಾನ’ ಕೂಡ ಕೆಲಸವೇ. ಹೀಗೆ ನಿಯಮ ಮಾಡಿದ್ದರಿಂದ ಗೀತಾಗೆ ಇನ್ನೊಂದು ಉಪಯೋಗವಾಯಿತು. ಆಗಸ್ಟ್ ಕೊನೆಯ ಎರಡು ವಾರ ಸುಮಾ ಪಕ್ಕದ ಕೋಣೆಯಲ್ಲಿ ಕೂತಳು, ಉಳಿದವರು ಆಕೆಯನ್ನು ಕೇಳದೆ ಆ ತಿಂಗಳ ಕೆಲಸ ನಡೆಸಿದರು. ಎಲ್ಲಿ ಸಿಕ್ಕಿಕೊಂಡರೋ ಅಲ್ಲಿ ಹಸ್ತಾಂತರದ ಟಿಪ್ಪಣಿ ಅಪೂರ್ಣ ಎಂದು ತಿಳಿಯಿತು. ಆಗ ಕೇಳಿದರೆ ಆಕೆ ಎರಡು ಹೆಜ್ಜೆ ದೂರದಲ್ಲಿದ್ದಳು.

ಇಷ್ಟಾದರೂ ಮೊದಲ ತಿಂಗಳೇ ಹಂಚಿಕೆ ಸರಿ ಕೂರಲಿಲ್ಲ ಎಂದಿಟ್ಟುಕೊಳ್ಳೋಣ. ಗೀತಾ ಪ್ರತಿ ಹದಿನೈದು ದಿನಕ್ಕೊಮ್ಮೆ ನೋಡುತ್ತಿದ್ದದ್ದು ಗಂಟೆಗಳನ್ನಲ್ಲ, ಕೆಲವು ಗುರುತುಗಳನ್ನು. ಸಂಜೆ ಏಳರ ನಂತರ ಯಾರು ಉಳಿಯುತ್ತಿದ್ದಾರೆ, ಯಾರು ತಮ್ಮ ರಜೆಯನ್ನು ಮುಂದೂಡುತ್ತಿದ್ದಾರೆ, ಯಾರ ಎಂಟ್ರಿಗಳಲ್ಲಿ ತಿದ್ದುಪಡಿ ಹೆಚ್ಚಾಗಿದೆ. ಸೆಪ್ಟೆಂಬರ್‌ನಲ್ಲಿ ಮೂರಕ್ಕೂ ಉತ್ತರ ಕಿರಣ್. ಒಂಬತ್ತೇ ಗಂಟೆ ಹೆಚ್ಚಿದವನು ಏಕೆ ಸೋತ? ತಾರೀಕುಗಳನ್ನು ನೋಡಿದರೆ ತಿಳಿಯುತ್ತದೆ. 11ರ ಜಿಎಸ್‌ಟಿಆರ್-1 ಮತ್ತು 15ರ ಪಿಎಫ್ ಎರಡೂ ಅವನವೇ, ನಡುವೆ ಉಸಿರಾಡಲು ಮೂರು ದಿನವೂ ಇಲ್ಲ. ಆದ್ದರಿಂದ ಪಿಎಫ್ ಮತ್ತು ಇಎಸ್‌ಐ ಮಂಜುನಾಥ್‌ಗೆ ಹೋಯಿತು, ಅವನಲ್ಲಿದ್ದ ಹೆಸರಿಲ್ಲದ 12 ಗಂಟೆ ಕಿರಣ್‌ಗೆ ಬಂತು. ಈಗ ಕಿರಣ್‌ನ ಹೆಚ್ಚುವರಿ ಹೊರೆ 9ರಿಂದ 13 ಗಂಟೆಗೆ ಏರಿತು. ಆದರೂ ಅವನು ಆರಕ್ಕೆ ಮನೆಗೆ ಹೋಗತೊಡಗಿದ, ಏಕೆಂದರೆ ಹೊಸದಾಗಿ ಬಂದ ಕೆಲಸಕ್ಕೆ ತಾರೀಕಿನ ಹಂಗಿಲ್ಲ; 25ಕ್ಕೂ ಮಾಡಬಹುದು. ಗಂಟೆಯೊಂದನ್ನೇ ಎಣಿಸುವವರಿಗೆ ಇದು ಹೊಳೆಯುವುದಿಲ್ಲ.

ಇಂಥ ಏರ್ಪಾಡಿನಲ್ಲಿ ಮೊದಲು ಬಲಿಯಾಗುವುದು ಉಳಿದವರ ರಜೆ. ನವೆಂಬರ್‌ನಲ್ಲಿ ಮಂಜುನಾಥ್‌ನ ತಂಗಿಯ ಮದುವೆ. ದೀಪಾವಳಿಯ ಹೊತ್ತಿಗೆ ಬೋನಸ್ ಲೆಕ್ಕ ಬೇರೆ. “ಈಗಾಗಲೇ ಒಬ್ಬರಿಲ್ಲ, ನೀನೂ ಹೋದರೆ ಹೇಗೆ” ಎಂದರೆ ಸುಮಾಳ ರಜೆಗೆ ಬೆಲೆ ಕಟ್ಟಿದವನು ಮಂಜುನಾಥ್ ಆಗುತ್ತಾನೆ. ಗೀತಾ ಜೂನ್‌ನಲ್ಲೇ ಎಲ್ಲರ ಗೊತ್ತಿರುವ ರಜೆಗಳನ್ನು ಅದೇ ಕ್ಯಾಲೆಂಡರಿನಲ್ಲಿ ಬರೆದು, ಅವು ರದ್ದಾಗುವುದಿಲ್ಲ ಎಂದು ಹೇಳಿದ್ದರು. ಸೆಪ್ಟೆಂಬರ್ 30ರ ತೆರಿಗೆ ಆಡಿಟ್ ವರದಿ, ಅಕ್ಟೋಬರ್ 31 ಮತ್ತು ಜನವರಿ 31ರ ಟಿಡಿಎಸ್ ತ್ರೈಮಾಸಿಕ ರಿಟರ್ನ್, ಡಿಸೆಂಬರ್ 31ರ ಜಿಎಸ್‌ಟಿ ವಾರ್ಷಿಕ ರಿಟರ್ನ್, ತಿಂಗಳ ಲೆಕ್ಕಕ್ಕೆ ಸೇರದ ಈ ಕೆಲಸಗಳನ್ನು ಯಾರಿಗೂ ಹಂಚಲಿಲ್ಲ. ಆಡಿಟ್‌ಗೆ ಬೇಕಾದ ಪಟ್ಟಿಗಳು ಆಗಸ್ಟ್‌ನಲ್ಲೇ ಸುಮಾ ಇರುವಾಗ ತಯಾರಾದವು. ರಿಟರ್ನ್‌ಗಳನ್ನು ಶುಲ್ಕ ಕೊಟ್ಟು ಆಡಿಟರ ಕಚೇರಿಗೇ ವಹಿಸಿದರು.

ಕಾಯಿಲೆಯ ರಜೆಯಾದರೆ ಇದೇ ದಾರಿ, ಆದರೆ ಎರಡು ದೊಡ್ಡ ವ್ಯತ್ಯಾಸಗಳಿವೆ. ಮೊದಲನೆಯದು, ತಯಾರಿಗೆ ತಿಂಗಳುಗಳು ಸಿಗುವುದಿಲ್ಲ. ಸೋಮವಾರ ಕೆಲಸಕ್ಕೆ ಬಂದವರು ಗುರುವಾರ ಆಸ್ಪತ್ರೆಯಲ್ಲಿರುತ್ತಾರೆ. ಎರಡನೆಯದು, ಕೊನೆಯ ದಿನ ಗೊತ್ತಿರುವುದಿಲ್ಲ. ಡಾಕ್ಟರ ಚೀಟಿ ನಾಲ್ಕು ವಾರಕ್ಕೆ ಬರುತ್ತದೆ, ಆಮೇಲೆ ಇನ್ನೂ ನಾಲ್ಕು ವಾರಕ್ಕೆ. ಪ್ರತಿ ಸಲ “ಇನ್ನೊಂದು ತಿಂಗಳು ಸಹಿಸಿಕೊಳ್ಳಿ” ಎಂದು ಕೇಳುತ್ತ ಹೋದರೆ ಎಂಟು ತಿಂಗಳು ಕಳೆದರೂ ಬದಲಿ ವ್ಯವಸ್ಥೆ ಆಗಿರುವುದಿಲ್ಲ. ಎರಡನೆಯ ಚೀಟಿ ಬಂದ ದಿನವೇ ಇದು ದೀರ್ಘ ರಜೆ ಎಂದು ಹಿಡಿದು, ಮೂರು ತಿಂಗಳ ಏರ್ಪಾಡು ಮಾಡಿಬಿಡುವುದು ಒಳ್ಳೆಯದು. ಅವರು ಬೇಗ ಬಂದರೆ ನಷ್ಟವೇನಿಲ್ಲ. ಇಎಸ್‌ಐ ವ್ಯಾಪ್ತಿಯವರಿಗೆ ವರ್ಷದಲ್ಲಿ 91 ದಿನದವರೆಗೆ ಸಂಬಳದ ಶೇ. 70ರಷ್ಟು, ಕ್ಯಾನ್ಸರ್, ಕ್ಷಯ ಮುಂತಾದ ಪಟ್ಟಿ ಮಾಡಿದ 34 ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೆ ಶೇ. 80ರಷ್ಟು ಹಣ ಸಿಗುವ ಅವಕಾಶವಿದೆ. ಅರ್ಜಿ ಹಾಕಲು ಕಾಯಿಲೆಯವರಿಗೆ ಕಚೇರಿಯವರೇ ನೆರವಾಗಬೇಕು, ಆ ಸ್ಥಿತಿಯಲ್ಲಿ ಅವರಿಂದ ಓಡಾಟ ಆಗದು.

ಇನ್ನೊಂದು ಮಾತು. ಕೆಲಸ ಹಂಚಿಕೊಂಡವರಿಗೆ ಎಷ್ಟು ದಿನ ಎಂದು ತಿಳಿಯುವ ಹಕ್ಕಿದೆ, ಏನು ಕಾಯಿಲೆ ಎಂದು ತಿಳಿಯುವ ಹಕ್ಕಿಲ್ಲ. “ಜನವರಿವರೆಗೆ ಬರುವುದಿಲ್ಲ, ಡಿಸೆಂಬರ್ ಮಧ್ಯದಲ್ಲಿ ಮತ್ತೆ ಹೇಳುತ್ತೇನೆ” ಎಂಬಷ್ಟೇ ಸಾಕು. ಅದರಾಚೆ ಹೇಳಬೇಕಾದವರು ಕಾಯಿಲೆಯವರೇ.

ಈಗ ಮಾರ್ಚ್. ಸುಮಾ ಮರಳುವುದು ಲೆಕ್ಕಪತ್ರದವರ ಅತಿ ಕಷ್ಟದ ತಿಂಗಳಿನ ಶುರುವಿಗೆ. ಆರು ತಿಂಗಳು ದುಡಿದವರು “ಬಂದಳಲ್ಲ, ಇನ್ನು ಅವಳದ್ದು ಅವಳಿಗೆ” ಎಂದುಕೊಳ್ಳುವುದು ಸಹಜ. ಆದರೆ ಮರಳಿದವಳ ತಿಂಗಳು 200 ಗಂಟೆಯದಲ್ಲ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕಾನೂನು ಕೊಟ್ಟಿದೆ. 50 ಮತ್ತು ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ಅದಕ್ಕೇ ಗೀತಾ ಹೊಸಬಳ ಅವಧಿಯನ್ನು ಫೆಬ್ರವರಿಗಲ್ಲ, ಏಪ್ರಿಲ್ ಮಧ್ಯಕ್ಕೆ ಮುಗಿಯುವಂತೆ ಮಾಲೀಕರಿಂದ ಮೊದಲೇ ಒಪ್ಪಿಗೆ ಪಡೆದಿದ್ದರು. ಮಾರ್ಚ್‌ನ ಮೊದಲ ವಾರ ಸುಮಾಗೆ ಓದುವ ಕೆಲಸ ಮಾತ್ರ: ಏನೇನು ಬದಲಾಯಿತು, ಯಾವ ಸರಬರಾಜುದಾರ ಹೊಸಬ, ಯಾವ ಬಾಕಿ ತಗಾದೆಯಲ್ಲಿದೆ. ಎರಡನೆಯ ವಾರ ಫೋನು ಮತ್ತು ಪಾವತಿ. ಬ್ಯಾಂಕ್ ತಾಳೆ ಮೂರನೆಯ ವಾರ. 2ಬಿ ಮತ್ತು ಟಿಡಿಎಸ್ ಏಪ್ರಿಲ್‌ಗೆ, ಶಾಹಿದಾಳ ಭತ್ಯೆಯೂ ಅಲ್ಲಿಯವರೆಗೆ.

ಆ ವರ್ಷದ ಮೌಲ್ಯಮಾಪನದಲ್ಲಿ ಸುಮಾಳನ್ನು ಕೆಲಸ ಮಾಡಿದ ತಿಂಗಳುಗಳಿಂದ ಮಾತ್ರ ಅಳೆಯಬೇಕು. ರಜೆಯ ಕಾರಣಕ್ಕೆ ಆಕೆಗೆ ಅನಾನುಕೂಲವಾಗುವಂತೆ ಸೇವಾ ಷರತ್ತು ಬದಲಿಸುವುದನ್ನು ಕಾಯ್ದೆಯೇ ತಡೆಯುತ್ತದೆ. ಅಂಕ ಕಡಿಮೆ ಮಾಡಿ ಬಡ್ತಿ ತಪ್ಪಿಸುವುದು ಅದರ ಪಕ್ಕದ ದಾರಿಯಷ್ಟೇ. ಶಾಹಿದಾ, ಕಿರಣ್ ಕಲಿತ ಹೊಸ ಕೆಲಸವೂ ಅದೇ ಹಾಳೆಯಲ್ಲಿ ಅವರವರ ಹೆಸರಿನ ಮುಂದೆ ಬರಬೇಕು.

ಆರು ತಿಂಗಳಲ್ಲಿ ಶಾಹಿದಾಗೆ 2ಬಿ ತಾಳೆ ಹಿಡಿಸಿಬಿಟ್ಟಿರಬಹುದು. ಸುಮಾಗೂ ಅದು ತನ್ನದೇ ಎಂಬ ಮಮತೆ ಇರಬಹುದು. ಇದನ್ನು ಗೀತಾ ಒಬ್ಬರೇ ಕೂತು ತೀರ್ಮಾನಿಸುವಂತಿಲ್ಲ. ಸುಮಾ ಮರಳುವ ಮೊದಲೇ ತೀರ್ಮಾನಿಸುವುದಂತೂ ಸಲ್ಲದು. ಏಪ್ರಿಲ್‌ನಲ್ಲಿ ಮೂವರೂ ಕೂತು ಮಾತಾಡಬೇಕು. ಶಾಹಿದಾ ಅದನ್ನು ಉಳಿಸಿಕೊಳ್ಳುವುದಾದರೆ ಅಷ್ಟೇ ತೂಕದ ಇನ್ನೊಂದು ಕೆಲಸ ಸುಮಾಗೆ ಬರಬೇಕು, ಬರೀ ಬಿಲ್ ಎಂಟ್ರಿ ಅಲ್ಲ.